ಇಂಟರ್ನ್‌ಶಿಪ್ ಸರ್ಟಿಫಿಕೇಟಿನ ತಾರೀಖು ತಪ್ಪಿದೆ, ಬದಲಿಗೆ ಬೋನಫೈಡ್ ಸಾಕಾ?

ತೀರ್ಥಹಳ್ಳಿಯ ವಿದ್ಯಾರ್ಥಿ: ಸರ್, ಮಾಚೇನಹಳ್ಳಿಯ ಒಂದು ಕಂಪನಿಯಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದೆ. ಜುಲೈ 7ರಿಂದ ಆಗಸ್ಟ್ 1. ಮಳೆಯಿಂದ ಮೂರು ದಿನ ತಪ್ಪಿತು, ಆಗಸ್ಟ್ 4, 5, 6ರಂದು ಹೋಗಿ ತುಂಬಿಸಿದೆ. ಸರ್ಟಿಫಿಕೇಟಲ್ಲಿ 'ಒಂದು ತಿಂಗಳು ಕೆಲಸ ಮಾಡಿದ್ದಾರೆ' ಅಂತಷ್ಟೇ ಇದೆ, ಕೆಳಗೆ ಜುಲೈ 30ರ ತಾರೀಖು. ಕಾಲೇಜಲ್ಲಿ ವಾಪಸ್ ಕೊಟ್ಟರು. ಬದಲಿಗೆ ಬೋನಫೈಡ್ ಹಾಕಬಹುದಾ?

ಶಿವಮೊಗ್ಗದ ಅಂಗಡಿಯವರು: ತಾರೀಖನ್ನು ಪೆನ್ನಲ್ಲಿ ತಿದ್ದಿ ಸೀಲ್ ಹಾಕಿಸಿ, ಆಯ್ತು. ಸೀಲ್ ಇದ್ದರೆ ಯಾರೂ ಕೇಳಲ್ಲ.

ಕಾಲೇಜು ಕಚೇರಿಯ ಸೂಪರಿಂಟೆಂಡೆಂಟ್: ಸೀಲ್ ಬೇಕು, ಆ ಮಾತು ಸರಿ. ಆದರೆ ತಿದ್ದಿದ ಕಾಗದ ಬೇಡ. ಮುಂದೆ ಕೆಲಸಕ್ಕೆ ಸೇರುವಾಗ ಯಾರಾದರೂ ಪರಿಶೀಲಿಸಿದರೆ, ತಿದ್ದಿದ್ದು ಯಾರು ಅನ್ನೋ ಅನುಮಾನ ಹುಡುಗನ ಮೇಲೇ ಬರುತ್ತದೆ.

ನೋಡಪ್ಪ, ಬೋನಫೈಡ್ ಅಂದರೆ 'ಈತ ಈ ವರ್ಷ ನಮ್ಮ ವಿದ್ಯಾರ್ಥಿ' ಅಂತ ಕಾಲೇಜು ಹೇಳುವ ಮಾತು. ಬೇರೆಯವರ ಫ್ಯಾಕ್ಟರಿಯಲ್ಲಿ ನೀನು ಏನು ಮಾಡಿದೆ ಅಂತ ಕಾಲೇಜು ಹೇಗೆ ಹೇಳುತ್ತದೆ? ಅದನ್ನು ಕಂಪನಿಯೇ ಬರೆಯಬೇಕು. ನಿನ್ನ ಗೊಂದಲ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಇಂಟರ್ನ್‌ಶಿಪ್ ರಿಪೋರ್ಟಿನ ಮೊದಲಲ್ಲಿ ಗೈಡ್, ಎಚ್‌ಒಡಿ ಸಹಿ ಮಾಡುವ ಹಾಳೆಯಲ್ಲೂ 'ಬೋನಫೈಡ್ ವರ್ಕ್' ಅಂತ ಇರುತ್ತದೆ. ಅದರ ಅರ್ಥ ಈ ಕೆಲಸ ನಿನ್ನದೇ ಅಂತ. ಪದ ಒಂದೇ, ಕಾಗದ ಬೇರೆ.

ನಿನ್ನ ಕಾಗದದ ನಿಜವಾದ ತೊಂದರೆ ಜುಲೈ 30. ಆ ದಿನ ಇಂಟರ್ನ್‌ಶಿಪ್ ಇನ್ನೂ ನಡೀತಾ ಇತ್ತು, ಅಲ್ವಾ? ಅವತ್ತು ಬರೆಯಬಹುದಾಗಿದ್ದು 'ಮಾಡುತ್ತಿದ್ದಾರೆ' ಅಂತ ಮಾತ್ರ. 'ಮುಗಿಸಿದ್ದಾರೆ' ಅನ್ನಲು ಕೊನೆಯ ದಿನ ದಾಟಿರಬೇಕು. ಹೊಸದಾಗಿ ಲೆಟರ್‌ಹೆಡ್‌ನಲ್ಲಿ ಹೀಗೆ ಕೇಳು:

'(ಅಂಕಪಟ್ಟಿಯಲ್ಲಿರುವ ಹೆಸರು), ಯುಎಸ್‌ಎನ್ (ಸಂಖ್ಯೆ), (ಕಾಲೇಜು, ವಿಭಾಗ), ನಮ್ಮಲ್ಲಿ 07-07-2025ರಿಂದ 06-08-2025ರವರೆಗೆ ಇಂಟರ್ನ್ ಆಗಿ (ಕೆಲಸದ ವಿಷಯ) ಕುರಿತು ತರಬೇತಿ ಪಡೆದು ಮುಗಿಸಿದ್ದಾರೆ. ಒಟ್ಟು ಹಾಜರಾದ ದಿನಗಳು 20.'

ಕೆಳಗೆ ಸಹಿ ಮಾಡಿದವರ ಹೆಸರು, ಹುದ್ದೆ, ಸೀಲ್, ಮತ್ತೆ ಅದನ್ನು ಕೊಟ್ಟ ದಿನದ್ದೇ ತಾರೀಖು. ಹಿಂದಿನ ತಾರೀಖು ಹಾಕಿಸಬೇಡ. 'ಒಂದು ತಿಂಗಳು' ಅನ್ನೋದು ಸಾಲದು, ಕಾಲೇಜು ಎಣಿಸೋದು ವಾರ. 'ಕೆಲಸ ಮಾಡಿದ್ದಾರೆ' ಅಂತ ಬರೆದರೆ ನೌಕರನ ಹಾಗೆ ಕಾಣುತ್ತದೆ, 'ಇಂಟರ್ನ್ ಆಗಿ' ಇರಲಿ.

ಸಾಗರದ ತಾಯಿ: ನನ್ನ ಮಗಳ ಬೋನಫೈಡನ್ನೂ ಬ್ಯಾಂಕಲ್ಲಿ ವಾಪಸ್ ಕಳಿಸಿದರು ಸರ್. ಶಿಕ್ಷಣ ಸಾಲಕ್ಕೆ ಕೊಟ್ಟಿದ್ದು.

ಸೂಪರಿಂಟೆಂಡೆಂಟ್: ಅದು ಬೇರೆ ವಿಷಯ ಮೇಡಂ. ಬ್ಯಾಂಕಿನವರು ಸಾಮಾನ್ಯವಾಗಿ ವರ್ಷವಾರು ಶುಲ್ಕದ ವಿವರವನ್ನೂ ಕೇಳುತ್ತಾರೆ. ಸುಮ್ನೆ 'ನಮ್ಮ ವಿದ್ಯಾರ್ಥಿ' ಅಂದರೆ ಅವರಿಗೆ ಸಾಲದು. ಅರ್ಜಿಯಲ್ಲಿ 'ಶಿಕ್ಷಣ ಸಾಲಕ್ಕಾಗಿ' ಅಂತ ಉದ್ದೇಶ ಬರೆದು ಕೊಡಿ.

ಭದ್ರಾವತಿಯ ಎಚ್‌ಆರ್: ನಾನೂ ಇಂಥ ಕಾಗದ ಕೊಡ್ತೀನಿ. ಹಾಜರಿ ಪುಸ್ತಕದಲ್ಲಿ ಆ ಮೂರು ದಿನ ಇಲ್ಲದಿದ್ದರೆ ನಾನಂತೂ 06-08 ಅಂತ ಬರೆಯಲ್ಲ.

ವಿದ್ಯಾರ್ಥಿ: ಸಹಿ ಮಾಡಿದ್ದು ಎರಡೇ ದಿನ ಸರ್. 6ನೇ ತಾರೀಖು ಸೂಪರ್‌ವೈಸರ್ ರಜೆಯಲ್ಲಿದ್ದರು.

ಸೂಪರಿಂಟೆಂಡೆಂಟ್: ಹಾಗಾದರೆ ನಾಳೆಯೇ ಅವರನ್ನು ಕಾಣು. ಗೇಟಿನ ರಿಜಿಸ್ಟರಲ್ಲಿ ನಿನ್ನ ಹೆಸರು ಇದೆಯಾ ನೋಡಿಸು. ಇಲ್ಲದಿದ್ದರೆ 05-08-2025ರವರೆಗೆ, 19 ದಿನ ಅಂತಲೇ ಬರೆಸಿಕೋ. ಅದನ್ನು ಒಪ್ಪೋದು ಬಿಡೋದು ನಿನ್ನ ಗೈಡ್‌ಗೆ ಬಿಟ್ಟಿದ್ದು.