ಲ್ಯಾಬ್ ಕೂಡಿದ ಸಬ್ಜೆಕ್ಟ್‌ನಾಗ 50ಕ್ಕ 21, ಆದ್ರೂ ಪರೀಕ್ಷೆಗೆ ಎಲಿಜಿಬಲ್ ಇಲ್ಲ ಅಂತಾರ

ಕೇಳಿದವರು: ಬೀದರ್, ಬಿ.ಇ. ಮೂರನೇ ಸೆಮಿಸ್ಟರ್

ವಿಟಿಯು 2022 ಸ್ಕೀಮ್. ಒಂದು ಐಪಿಸಿಸಿ ಸಬ್ಜೆಕ್ಟ್‌ನಾಗ ಇಂಟರ್ನಲ್ 21 ಬಂದಾವ. ಥಿಯರಿ 12, ಲ್ಯಾಬ್ 9. 20 ಇದ್ರ ಸಾಕು ಅಂತ ಎಲ್ರೂ ಹೇಳ್ತಿದ್ರು. ಈಗ ಡಿಪಾರ್ಟ್‌ಮೆಂಟ್‌ನಾಗ ‘ನೀ ಪರೀಕ್ಷಾ ಬರೆಯಂಗಿಲ್ಲ’ ಅಂತಾರ. ಮಾರ್ಕ್ಸ್ ಇನ್ನಾ ಅಪ್‌ಲೋಡ್ ಆಗಿಲ್ಲ. ತಿಳಿದವರು ಹೇಳ್ರಿ.

ಕಲಬುರಗಿ, ಏಳನೇ ಸೆಮಿಸ್ಟರ್

50ಕ್ಕ 40 ಪರ್ಸೆಂಟ್ ಅಂದ್ರ 20. ನಿಂದು 21 ಅದ. ಮಾರ್ಕ್ಸಿಂದ ತಡೀಲಿಕ್ಕೆ ಬರಂಗಿಲ್ಲ ತಮ್ಮಾ. ಹಾಜರಿ ನೋಡ್ಕೊ. 85 ಪರ್ಸೆಂಟ್ ಬೇಕು, ದವಾಖಾನಿ ಕಾಗದ ಇದ್ರ 75ರ ತನಕ ಬಿಡ್ತಾರ. ಅಲ್ಲೇ ಏನೋ ಕಡಿಮಿ ಬಿದ್ದಿರ್ಬೇಕು.

ಕಲಬುರಗಿ, ಪಾಠ ಹೇಳುವವರು

ಮೇಲಿನವರ ಮಾತು ಬರೀ ಥಿಯರಿ ಇರುವ ಸಬ್ಜೆಕ್ಟಿಗೆ ಸರಿ. ಐಪಿಸಿಸಿಗೆ ಸರಿಯಲ್ಲ. ಅಲ್ಲಿ 50 ಅಂಕ ಒಂದೇ ಗಂಟಲ್ಲ, 25ರ ಎರಡು ಗಂಟು. ಥಿಯರಿಯಲ್ಲಿ 25ಕ್ಕೆ 10, ಲ್ಯಾಬಿನಲ್ಲಿ 25ಕ್ಕೆ 10, ಎರಡೂ ಬೇರೆಬೇರೆಯಾಗಿ ಬರಬೇಕು. ಥಿಯರಿಯ ಹೆಚ್ಚುವರಿ ಎರಡು ಅಂಕ ತಂದು ಲ್ಯಾಬಿಗೆ ಹಚ್ಚಲು ಬರುವುದಿಲ್ಲ. ಥಿಯರಿ 20, ಲ್ಯಾಬ್ 9 ಸೇರಿ 29 ಆದರೂ ಉತ್ತರ ಇದೇ.

ಇದು ಹುಡುಗರ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಐಪಿಸಿಸಿ ಲ್ಯಾಬಿಗೆ ಸೆಮಿಸ್ಟರ್ ಕೊನೆಗೆ ಬೇರೆ ಪ್ರಾಕ್ಟಿಕಲ್ ಪರೀಕ್ಷೆ ಇರುವುದಿಲ್ಲ. ಥಿಯರಿ ಪೇಪರಿನಲ್ಲೇ ಲ್ಯಾಬಿಗೆ ಸಂಬಂಧಿಸಿದ ಪ್ರಶ್ನೆಗಳು ಬರುತ್ತವೆ, ಅವೂ 20 ಅಂಕ ಮೀರುವಂತಿಲ್ಲ. ‘ಹೊರಗಿನ ಎಕ್ಸಾಮಿನರ್ ಬರಲ್ಲ, ಹಂಗಾದ್ರೆ ಲ್ಯಾಬ್ ಹಗುರ’ ಅಂತ ತಿಳಿಯುತ್ತಾರೆ. ಹೊರಗಿನವರು ಬರುವುದಿಲ್ಲ ಅಂದರೆ ವಾರವಾರ ಹಾಕಿದ ಅಂಕವೇ ಕೊನೆಯ ಅಂಕ.

ಲ್ಯಾಬಿನ 9 ಹೇಗೆ ಬಂತು ಅಂತ ಒಡೆದು ಹೇಳಿದರೆ ಮುಂದಿನದು ಹೇಳಬಹುದು. ರೆಕಾರ್ಡಿಗೆ ಎಷ್ಟು, ಕೊನೆಯ ಲ್ಯಾಬ್ ಟೆಸ್ಟಿಗೆ ಎಷ್ಟು?

ಯಾದಗಿರಿ, ಬಿ.ಕಾಂ. ಹುಡುಗಿಯ ತಂದೆ

ನಮ್ಮ ಮಗಳಿಗೆ ಇಂಟರ್ನಲ್ ಭಾಳ ಕಡಿಮಿ ಇತ್ತು, ಆದ್ರೂ ಪರೀಕ್ಷಾ ಬರಸಿದ್ರು, ಯಾರೂ ತಡೀಲಿಲ್ಲ. ಇಂಟರ್ನಲ್‌ಗೆ ಮಿನಿಮಮ್ ಅಂತ ಇರಂಗೇ ಇಲ್ಲಲ್ರಿ? ಕಾಲೇಜಿನವರು ಸುಮ್ನ ಹೆದರಸ್ತಿರಬೇಕು.

ಬೀದರ್ ಜಿಲ್ಲಾ, ಕಾಲೇಜಿನ ಎಕ್ಸಾಮ್ ಸೆಕ್ಷನ್‌ನಲ್ಲಿ ಕೆಲಸ

ಕಾಕಾ, ಅದು ಬಿ.ಕಾಂ., ಇದು ವಿಟಿಯು ಇಂಜಿನಿಯರಿಂಗ್. ನಿಯಮ ಯೂನಿವರ್ಸಿಟಿಗೊಂದು, ಕೋರ್ಸಿಗೊಂದು ಇರ್ತದ. ಡಿಗ್ರಿ ಲೆಕ್ಕ ಇಲ್ಲಿ ತಂದ್ರ ಹುಡುಗ ದಾರಿ ತಪ್ಪತಾನ. ಹುಡುಗನ ಕಾಲೇಜು ಸ್ವಾಯತ್ತ ಇದ್ರಂತೂ ಮೊದ್ಲು ಅವರದೇ ರೂಲ್ ಬುಕ್ ತಗಸಿ ನೋಡ್ಬೇಕು.

ತಮ್ಮಾ, ರಿಸಲ್ಟ್‌ನಾಗ F ಅಂತ ಬರೋದು ಬೇರೆ, NE ಅಂತ ಬರೋದು ಬೇರೆ. F ಅಂದ್ರ ಇಂಟರ್ನಲ್ ಸರಿ ಅದ, ಪೇಪರ್ ಹೋಗ್ಯಾದ. ಇಂಟರ್ನಲ್ ಹಂಗೇ ಉಳೀತದ, ಮುಂದಿನ ಸಲ ಫೀಸ್ ಕಟ್ಟಿ ಪೇಪರ್ ಒಂದೇ ಬರಿ. NE ಅಂದ್ರ ಇಂಟರ್ನಲ್ಲೇ ಮುಟ್ಟಿಲ್ಲ. ಆ ಸಬ್ಜೆಕ್ಟಿಗೆ ಮತ್ತ ಹೆಸರು ಹಚ್ಚಬೇಕು, ಟೆಸ್ಟ್ ಮತ್ತ ಬರೀಬೇಕು. ಮೂರನೇ ಸೆಮ್ ಸಬ್ಜೆಕ್ಟ್ ಮತ್ತ ನಡೆಯೋದು ಮುಂದಿನ ವರ್ಷದ ಮೂರನೇ ಸೆಮ್ಮಿಗೇ. ಒಂದು ಅಂಕದ ಸಲುವಾಗಿ ಒಂದು ವರ್ಷ.

ಹಾಲ್ ಟಿಕೆಟ್‌ನಾಗ ಸಬ್ಜೆಕ್ಟ್ ಕಂಡ್ರೂ ನೆಚ್ಚಿಕೊಂಡು ಕೂಡಬ್ಯಾಡ. ಬರೆದು ಬಂದ ಮೇಲೂ ಇಂಟರ್ನಲ್ ಕಡಿಮಿ ಇದ್ರ NE ಬರ್ತದ. ನಿನಗಿರೋ ಟೈಮ್ ಅಂದ್ರ ಅಪ್‌ಲೋಡ್ ಆಗೋ ತನಕ. ಪೋರ್ಟಲ್‌ನಾಗ ಲಾಕ್ ಆದ ಮೇಲೆ ತಿದ್ದಸೋದು ನಮ್ಮ ಕೈಯಾಗೂ ಇರಂಗಿಲ್ಲ.

ಕೇಳಿದವರು

ಸರ, ಒಟ್ಟು 10 ಪ್ರಯೋಗ. 4 ದಿನ ನಾ ಹೋಗಿಲ್ಲ, ಅವಕ್ಕ ಸೊನ್ನಿ. ಉಳಿದ 6ಕ್ಕ ಸೇರಿ 40 ಬಿದ್ದಾವ. ಲ್ಯಾಬ್ ಟೆಸ್ಟ್ 50ಕ್ಕ 15. ರೆಕಾರ್ಡ್ ಮಾತ್ರ ಹತ್ತೂ ಬರ್ದೀನಿ, ಹೋಗದ ನಾಲ್ಕು ದೋಸ್ತನ ರೆಕಾರ್ಡ್ ನೋಡಿ ಬರ್ದೀನಿ.

ಕಲಬುರಗಿ, ಪಾಠ ಹೇಳುವವರು

ಲೆಕ್ಕ ಸ್ಪಷ್ಟವಾಯಿತು. ಲ್ಯಾಬಿನ 25ರಲ್ಲಿ 15 ಪ್ರಯೋಗ ಮತ್ತು ರೆಕಾರ್ಡಿಗೆ, 10 ಕೊನೆಯ ಟೆಸ್ಟಿಗೆ. ಪ್ರತಿ ಪ್ರಯೋಗಕ್ಕೆ 10ರಂತೆ ಹಾಕಿ, ಎಲ್ಲ ಕೂಡಿಸಿ, 15ಕ್ಕೆ ಇಳಿಸುತ್ತಾರೆ. ನಿನ್ನದು 100ಕ್ಕೆ 40, ಅಂದರೆ 15ಕ್ಕೆ 6. ಟೆಸ್ಟ್ 50ಕ್ಕೆ 15, ಅಂದರೆ 10ಕ್ಕೆ 3. ಕೂಡಿದರೆ 9. ತಪ್ಪು ಹಾಕಿಲ್ಲ.

ಟೆಸ್ಟ್ ಕೆಟ್ಟಿತು ಅಂತ ನಿನಗೆ ಅನಿಸಿರಬಹುದು, ಆದರೆ ಪೆಟ್ಟು ಬಿದ್ದದ್ದು ಆ ನಾಲ್ಕು ಸೊನ್ನೆಯಿಂದ. ನಾಲ್ಕು ಪ್ರಯೋಗ ಹೋದರೆ ಉಳಿದ ಆರಕ್ಕೆ ಪೂರಾ 60 ಬಿದ್ದರೂ 15ಕ್ಕೆ 9ರ ಮೇಲೆ ಏರುವುದಿಲ್ಲ. ದೋಸ್ತನ ರೆಕಾರ್ಡ್ ನೋಡಿ ಬರೆದದ್ದಕ್ಕೆ ಅಂಕ ಕೇಳಬೇಡ. ಅಂಕ ಪ್ರಯೋಗ ಮಾಡಿದ ದಿನವೇ ಹಾಕುವಂಥದ್ದು. ಅಬ್ಸರ್ವೇಷನ್ ಪುಸ್ತಕದಲ್ಲಿ ಆ ದಿನದ ಸಹಿ ಇಲ್ಲದಿದ್ದರೆ ರೆಕಾರ್ಡ್ ಎಷ್ಟು ಚೆಂದ ಇದ್ದರೂ ಅದು ನಕಲು ಅಂತ ಗೊತ್ತಾಗುತ್ತದೆ.

ಈಗ ಕೇಳಬೇಕಾದದ್ದು ಇಷ್ಟೇ. ಸೊನ್ನೆ ಬಿದ್ದ ನಾಲ್ಕರಲ್ಲಿ ಒಂದನ್ನು ಲ್ಯಾಬಿಗೆ ಬಂದು ಮಾಡಿ ತೋರಿಸಿ 7 ಪಡೆದರೆ 40 ಇದ್ದದ್ದು 47 ಆಗುತ್ತದೆ. 15ಕ್ಕೆ ಇಳಿಸಿದರೆ 7ಕ್ಕಿಂತ ಚೂರು ಮೇಲೆ, ಟೆಸ್ಟಿನ 3 ಕೂಡಿ 10 ಮುಟ್ಟಿತು. ಎರಡು ಮಾಡಿದರೆ ಇನ್ನೂ ಭದ್ರ. ಹೋಗದ ದಿನಗಳಿಗೆ ದವಾಖಾನೆ ಕಾಗದವೋ, ಕಾಲೇಜಿನ ಆಟಕ್ಕೆ ಹೋದ ಪತ್ರವೋ ಇದ್ದರೆ ಅರ್ಜಿಗೆ ಹಚ್ಚಿ ಮೊದಲು ಲ್ಯಾಬ್ ಮೇಡಂ ಅಥವಾ ಸರ್ ಕಡೆ, ಆಮೇಲೆ ಎಚ್‌ಒಡಿ ಕಡೆ ಹೋಗು. ನೇರ ಪ್ರಿನ್ಸಿಪಾಲರ ಹತ್ತಿರ ಹೋದರೆ ಅವರು ತಿರುಗಿ ಇಲ್ಲಿಗೇ ಕಳಿಸುತ್ತಾರೆ. ‘ಒಂದು ಮಾರ್ಕ್ ಹಾಕಿ ಸರ್’ ಅಂತ ಕೇಳಬೇಡ. ‘ಈ ತಾರೀಖಿನ ಪ್ರಯೋಗ ಮಾಡಿ ತೋರಿಸಲು ಬಿಡಿ’ ಅಂತ ಕೇಳು. ಮೊದಲನೆಯದಕ್ಕೆ ಒಪ್ಪಿದರೆ ಅವರ ರಿಜಿಸ್ಟರ್ ಸುಳ್ಳಾಗುತ್ತದೆ, ಎರಡನೆಯದರಲ್ಲಿ ಹಾಗಾಗುವುದಿಲ್ಲ. ಕಾರಣವಿಲ್ಲದೆ ತಪ್ಪಿಸಿದ್ದರೆ ಅವರು ಇಲ್ಲ ಅನ್ನಬಹುದು, ಅದಕ್ಕೂ ತಯಾರಿರು.

ಕಲಬುರಗಿ, ಏಳನೇ ಸೆಮಿಸ್ಟರ್

ನಾ ಹೇಳಿದ್ದು ತಪ್ಪಾಯ್ತು, ನಂದು ಹಳೇ ಲೆಕ್ಕ. ಆದ್ರ ಒಂದು ಮಾತು. NE ಆದ್ರೂ ಥಿಯರಿ 12 ಹಂಗೇ ಉಳೀತದ, ಲ್ಯಾಬ್ ಒಂದೇ ಮತ್ತ ಮಾಡಿದ್ರ ನಡೀತದ ಅಂತ ನಮ್ಮ ಸೀನಿಯರ್ ಹೇಳ್ತಿದ್ದ.

ಬೀದರ್ ಜಿಲ್ಲಾ, ಎಕ್ಸಾಮ್ ಸೆಕ್ಷನ್

ಹೆಸರು ಹಚ್ಚೋದು ಪೂರಾ ಸಬ್ಜೆಕ್ಟಿಗೆ, ಅರ್ಧಕ್ಕಲ್ಲ. ನಾವಂತೂ ಎರಡೂ ಮತ್ತ ಮಾಡಸ್ತೀವಿ. ಬ್ಯಾರೆ ಕಾಲೇಜಿನವರು ಹ್ಯಾಂಗ ನಡಸ್ತಾರೋ, ಅಲ್ಲಿಂದ ಬರಹದಾಗ ತಗೊಂಡು ಬಾ, ಆಮ್ಯಾಲೆ ನಂಬೂಣು.

ಕಲಬುರಗಿ, ಪಾಠ ಹೇಳುವವರು

ಇನ್ನೊಂದು ಬಾಕಿ ಇದೆ. ಪ್ರಯೋಗ ಮಾಡಿ 22 ಆಯಿತು ಅಂದುಕೊಳ್ಳೋಣ. ಪೇಪರಿನಲ್ಲಿ 100ಕ್ಕೆ 35 ಬಂದರೆ ಪಾಸ್ ಅಂತ ಕೇಳಿರುತ್ತೀ. 35 ಅರ್ಧಕ್ಕೆ ಇಳಿದು 18 ಆಗುತ್ತದೆ. ಒಟ್ಟು 40 ಬೇಕಲ್ಲ, 22ಕ್ಕೆ 18 ಕೂಡಿದರೆ ಸರಿಯಾಗಿ 40. ಇಂಟರ್ನಲ್ 20 ಇದ್ದವನಿಗೆ ಆ 35 ಸಾಲದು, ಪೇಪರಿನಲ್ಲಿ 39 ತರಬೇಕು.

ಕೇಳಿದವರು

ನಾಳೆ ಎಚ್‌ಒಡಿ ಹತ್ರ ಹೋಗ್ತೀನಿ ಸರ. ಎರಡು ದಿನದ್ದು ದವಾಖಾನಿ ಚೀಟಿ ಅದ, ಇನ್ನೆರಡು ದಿನ ಸುಮ್ನೇ ತಪ್ಪಿಸೀನಿ.

ಕಲಬುರಗಿ, ಪಾಠ ಹೇಳುವವರು

ಚೀಟಿ ಇರುವ ಎರಡನ್ನೇ ಕೇಳು. ಉಳಿದೆರಡರ ಸುದ್ದಿ ತೆಗೆಯಬೇಡ.