ಸಹಾಯ ಬೇಕು: ಮೈನಸ್ 9 ನಂಬರ್, ರೆಟಿನಾದಲ್ಲಿ ತೂತು

ನಮಸ್ಕಾರ ರೀ. ನಾವು ಬಾಗಲಕೋಟೆಯವರು. ತಮ್ಮನಿಗೆ ಮೈನಸ್ 9 ಕನ್ನಡಕ, ಕಬಡ್ಡಿ ಆಡುತ್ತಾನೆ. ಈ ಸಲ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ನೋಡಿದಾಗ ಬಲಗಣ್ಣಿನ ರೆಟಿನಾದ ಅಂಚು ತೆಳುವಾಗಿ, ಸಣ್ಣ ತೂತು ಬಿದ್ದಿರುವುದು ಗೊತ್ತಾಯಿತು. ನೋವಿಲ್ಲ, ಕನ್ನಡಕ ಹಾಕಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬರೀ ನಂಬರ್ ಚೆಕ್ ಮಾಡಿಸಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ತೂತಿನ ಸುತ್ತ ಲೇಸರ್ ಹಾಕುತ್ತಾರಂತೆ. ಲೇಸರ್ ಹಾಕಿದ ಜಾಗದಲ್ಲಿ ರೆಟಿನಾ ಗಟ್ಟಿಯಾಗಿ ಅಂಟಲು ಸುಮಾರು ಎರಡು ವಾರ ಬೇಕು. ಆದರೂ ರೆಟಿನಾ ಬೇರೆ ಕಡೆ ಹರಿದುಹೋಗಬಹುದು, ಹಾಗಾಗಿ ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ತೋರಿಸಲೇಬೇಕು. ಕಣ್ಣಲ್ಲಿ ಮಿಂಚು ಹೊಡೆದರೆ, ಕಪ್ಪು ಚುಕ್ಕೆ ಒಮ್ಮೆಲೇ ಜಾಸ್ತಿಯಾದರೆ, ಪಕ್ಕದಿಂದ ಪರದೆ ಇಳಿದಂತಾದರೆ ಅವತ್ತೇ ಓಡಬೇಕು. ಒಂದೊಂದೇ ಕಣ್ಣು ಮುಚ್ಚಿ ನೋಡಿಕೋ ಎಂದು ಬೆನ್ನು ಹತ್ತಿದ್ದೇನೆ.

ಬೆಳಗಾವಿ, ವಿಜಯಪುರದಲ್ಲಿ ಒಳ್ಳೆಯ ರೆಟಿನಾ ಡಾಕ್ಟರ್ ಗೊತ್ತಿದ್ದರೆ ತಿಳಿಸಿ. ಲೇಸರ್ ಆದಮೇಲೆ ಕಬಡ್ಡಿ, ಕುಸ್ತಿ ಆಡಲು ನಿಮ್ಮ ಡಾಕ್ಟರ್ ಒಪ್ಪಿದರಾ?