ಕೌಂಟಿಂಗ್ ಸಾರ್ಟ್: ಅಂಕಗಳು ಕ್ರಮಕ್ಕೆ ಬಂದವು, ವಿದ್ಯಾರ್ಥಿಗಳು ಎಲ್ಲಿ?

ಪ್ರಶ್ನೆ (ಬಿಸಿಎ ವಿದ್ಯಾರ್ಥಿನಿ, ದಾವಣಗೆರೆ): 0ಯಿಂದ 100ರವರೆಗಿನ ಅಂಕಗಳನ್ನು ಕೌಂಟಿಂಗ್ ಸಾರ್ಟ್‌ನಿಂದ ಜೋಡಿಸುವ ಪ್ರೋಗ್ರಾಂ ಬರೆದೆ. ಯಾವ ಅಂಕ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಅಷ್ಟು ಸಲ ಮುದ್ರಿಸಿದೆ. ಕ್ರಮವೇನೋ ಸರಿಯಾಗಿದೆ, ಆದರೆ ಯಾವ 67 ಯಾರದು ಎಂಬುದೇ ಕಳೆದುಹೋಯಿತು. ಎಣಿಕೆಗಳನ್ನು ಕೂಡಿಸುತ್ತಾ ಹೋಗಿ, ಆಮೇಲೆ ಪಟ್ಟಿಯನ್ನು ಹಿಂದಿನಿಂದ ಓದಬೇಕು ಎಂದು ಪಠ್ಯದಲ್ಲಿದೆ. ಕೂಡಿಸುವುದು ಏಕೆ? ಹಿಂದಿನಿಂದಲೇ ಏಕೆ?

ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು (ಫಲಿತಾಂಶ ಪಟ್ಟಿಗಳ ತಂತ್ರಾಂಶದ ಕೆಲಸ): ನೀವು ಬರೆದದ್ದು ಎಣಿಕೆ, ಇನ್ನೂ ವಿಂಗಡಣೆಯಾಗಿಲ್ಲ. ಮೂರು ಜನರಿಗೆ 67 ಬಂದಿದೆ ಎಂದು ಗೊತ್ತಾದರೆ ಸಾಲದು, ಅವರು ಪಟ್ಟಿಯ ಎಷ್ಟನೆಯ ಸಾಲಿನಲ್ಲಿ ನಿಲ್ಲಬೇಕು ಎಂಬುದು ಗೊತ್ತಾಗಬೇಕು. ಅದನ್ನು ಹೇಳುವುದೇ ಆ ಕೂಡಿಕೆ.

ಏಳು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಿ. ಕ್ರಮಸಂಖ್ಯೆ 1ರಿಂದ 7ರವರೆಗೆ ಅವರ ಅಂಕಗಳು ಹೀಗಿವೆ: 67, 45, 100, 67, 0, 45, 67. ಎಣಿಸಿದರೆ 0 ಒಂದು, 45 ಎರಡು, 67 ಮೂರು, 100 ಒಂದು. ಅಂಕಕ್ಕೊಂದರಂತೆ ಇರುವ 101 ಎಣಿಕೆಯ ಮನೆಗಳಲ್ಲಿ ಉಳಿದ 97 ಖಾಲಿ. ಈಗ ಕೆಳಗಿನಿಂದ ಕೂಡಿಸುತ್ತಾ ಬನ್ನಿ. 0ಯ ಮನೆಯಲ್ಲಿ 1, 45ರ ಮನೆಯಲ್ಲಿ 3, 67ರ ಮನೆಯಲ್ಲಿ 6, 100ರ ಮನೆಯಲ್ಲಿ 7 ಬರುತ್ತದೆ. 67ರ ಮನೆಯಲ್ಲಿರುವ 6 ಏನು ಹೇಳುತ್ತಿದೆ? 67 ಅಥವಾ ಅದಕ್ಕಿಂತ ಕಡಿಮೆ ಪಡೆದವರು ಆರು ಜನ. ಆದ್ದರಿಂದ 67 ಪಡೆದವರಲ್ಲಿ ಕೊನೆಯವರ ಜಾಗ ಆರನೆಯದು. ಯಾರನ್ನೂ ಇನ್ನೊಬ್ಬರ ಪಕ್ಕದಲ್ಲಿಟ್ಟು ನೋಡದೆ ಜಾಗ ಸಿಕ್ಕಿತು.

ಇನ್ನು ಹಿಂದಿನಿಂದ ಓದಿ. ಏಳನೆಯ ವಿದ್ಯಾರ್ಥಿಗೆ 67, ಅವರಿಗೆ ಆರನೆಯ ಜಾಗ ಕೊಟ್ಟು ಮನೆಯ 6ನ್ನು 5 ಮಾಡಿ. ಆರನೆಯವರಿಗೆ 45, ಮೂರನೆಯ ಜಾಗ. ಐದನೆಯವರಿಗೆ 0, ಮೊದಲ ಜಾಗ. ನಾಲ್ಕನೆಯವರಿಗೂ 67, ಈಗ ಆ ಮನೆಯಲ್ಲಿರುವುದು 5, ಹಾಗಾಗಿ ಐದನೆಯ ಜಾಗ. ಮೂರನೆಯವರು 100 ಪಡೆದು ಏಳನೆಯ ಜಾಗಕ್ಕೆ, ಎರಡನೆಯವರು 45 ಪಡೆದು ಎರಡನೆಯ ಜಾಗಕ್ಕೆ, ಮೊದಲಿನವರು 67 ಪಡೆದು ನಾಲ್ಕನೆಯ ಜಾಗಕ್ಕೆ. ಪಟ್ಟಿ 5, 2, 6, 1, 4, 7, 3 ಎಂದಾಯಿತು. ಮೂವರು 67ರವರು 1, 4, 7 ಎಂದು, ಬಂದ ಕ್ರಮದಲ್ಲೇ ನಿಂತಿದ್ದಾರೆ ನೋಡಿ. ಪ್ರತಿ ಗುಂಪಿನ ಜಾಗಗಳನ್ನು ಕೊನೆಯಿಂದ ತುಂಬುತ್ತಿದ್ದೇವೆ, ಅದಕ್ಕಾಗಿ ಜನರನ್ನೂ ಕೊನೆಯಿಂದಲೇ ಕರೆಯುತ್ತೇವೆ.

```python
def sort_marks(rows):
    count = [0] * 101
    for roll, m in rows:
        count[m] += 1
    for m in range(1, 101):
        count[m] += count[m - 1]
    out = [None] * len(rows)
    for roll, m in reversed(rows):
        count[m] -= 1
        out[count[m]] = (roll, m)
    return out
```

ಪೈಥಾನ್‌ನಲ್ಲಿ ಜಾಗಗಳು 0ಯಿಂದ ಶುರುವಾಗುವುದರಿಂದ ಮೊದಲು ಒಂದು ಕಳೆದು ಆಮೇಲೆ ಇಟ್ಟಿದ್ದೇನೆ. ಈ ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ ಎಲ್ಲರೂ ಒಂದೊಂದು ಜಾಗ ಮುಂದೆ ಸರಿಯುತ್ತಾರೆ, 100 ಪಡೆದವರು ಪಟ್ಟಿಯ ಆಚೆ ಬಿದ್ದು ಪ್ರೋಗ್ರಾಂ ನಿಲ್ಲುತ್ತದೆ.

ಎಂಸಿಎ ವಿದ್ಯಾರ್ಥಿ, ಕಲಬುರಗಿ: ಹಿಂದಿನಿಂದ ಓದದಿದ್ದರೆ ಉತ್ತರವೇ ತಪ್ಪಾಗುತ್ತದೆ. ಇನ್ನೊಂದು ಮಾತು, ಇದರಲ್ಲಿ ಹೋಲಿಕೆಯೇ ಇಲ್ಲದ್ದರಿಂದ, ಹೋಲಿಸಿ ಜೋಡಿಸುವ ಕ್ವಿಕ್ ಸಾರ್ಟ್‌ಗಿಂತ ಇದು ಯಾವಾಗಲೂ ವೇಗ. ಅಂಕ ಜೋಡಿಸಲು ಬೇರೆ ಯಾವುದನ್ನೂ ಬಳಸಬಾರದು.

ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು: ಅರ್ಧ ಒಪ್ಪುತ್ತೇನೆ. ಮೇಲಿನ ಕೋಡನ್ನೇ ಮುಂದಿನಿಂದ ಓಡಿಸಿದರೆ ಅಂಕಗಳ ಕ್ರಮ ಕೆಡುವುದಿಲ್ಲ. ಸಮಾನ ಅಂಕದವರ ಒಳಕ್ರಮ ಮಾತ್ರ ತಿರುಗುಮುರುಗಾಗಿ 7, 4, 1 ಎಂದು ಬರುತ್ತದೆ. ಮುಂದಿನಿಂದಲೇ ಓದಬೇಕೆಂದಿದ್ದರೆ ಗುಂಪಿನ ಕೊನೆಯ ಜಾಗದ ಬದಲು ಮೊದಲ ಜಾಗವನ್ನು ಮನೆಯಲ್ಲಿಡಿ. 67ಕ್ಕಿಂತ ಕಡಿಮೆ ಪಡೆದವರು ಮೂವರು, ಹಾಗಾಗಿ 67ರವರ ಮೊದಲ ಜಾಗ ನಾಲ್ಕು, ಅಲ್ಲಿಂದ ಏರಿಸುತ್ತಾ ಹೋಗಿ. ನನಗೆ ಇದೇ ಹೆಚ್ಚು ಸಹಜ ಅನಿಸುತ್ತದೆ. ಹಿಂದಿನಿಂದ ಓದುವುದನ್ನು ಮಂತ್ರದಂತೆ ಬಾಯಿಪಾಠ ಮಾಡಿಸುವುದು ಏಕೋ ತಿಳಿಯದು.

ಯಾವಾಗಲೂ ವೇಗ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ನಲವತ್ತು ಮಕ್ಕಳ ತರಗತಿಗೆ 101 ಮನೆಗಳನ್ನು ಕೂಡಿಸುತ್ತಾ ಕುಳಿತರೆ, ಮಕ್ಕಳನ್ನು ನೋಡಿದ್ದಕ್ಕಿಂತ ಖಾಲಿ ಮನೆಗಳನ್ನು ನೋಡಿದ್ದೇ ಹೆಚ್ಚಾಗುತ್ತದೆ. ಎಂಟು ಲಕ್ಷ ದಾಖಲೆಗಳಿದ್ದರೆ ಆ 101 ಲೆಕ್ಕಕ್ಕೇ ಬರುವುದಿಲ್ಲ. ಹೋಲಿಸುವ ವಿಧಾನಕ್ಕೆ ಅಲ್ಲಿ ಸುಮಾರು ಒಂದೂವರೆ ಕೋಟಿ ಹೋಲಿಕೆಗಳು ಬೇಕು, ಇಲ್ಲಿ ಪ್ರತಿ ದಾಖಲೆಯನ್ನು ಎರಡು ಸಲ ಮುಟ್ಟಿದರೆ ಮುಗಿಯಿತು. ಅಂಕದ ಬದಲು ಹತ್ತಂಕಿಯ ಮೊಬೈಲ್ ಸಂಖ್ಯೆಗಳನ್ನು ಜೋಡಿಸಲು ಹೊರಟರೆ ಸಾವಿರ ಕೋಟಿ ಮನೆಗಳು ಬೇಕಾಗುತ್ತವೆ. ಮನೆಗೆ ನಾಲ್ಕು ಬೈಟ್ ಎಂದರೂ 40 ಜಿಬಿ ಮೆಮೊರಿ ಬರೀ ಎಣಿಕೆಗೆ!

ಎಂಸಿಎ ವಿದ್ಯಾರ್ಥಿ, ಕಲಬುರಗಿ: ಹಾಗಾದರೆ n log n ಮಿತಿಯ ಕಥೆ? n ದಾಖಲೆಗಳಿದ್ದರೆ ಸುಮಾರು n log nಗಿಂತ ಕಡಿಮೆ ಹೆಜ್ಜೆಗಳಲ್ಲಿ ಯಾವ ವಿಂಗಡಣೆಯೂ ಮುಗಿಯಲಾರದು ಎಂದು ನಮಗೆ ಪಾಠ ಮಾಡಿದ್ದಾರೆ.

ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು: ಆ ಮಿತಿ ‘ಇದು ದೊಡ್ಡದೋ ಅದು ದೊಡ್ಡದೋ’ ಎಂದು ಕೇಳಿ ಮಾತ್ರ ತಿಳಿದುಕೊಳ್ಳುವ ವಿಧಾನಗಳಿಗೆ. ಏಳು ಬೇರೆ ಬೇರೆ ಅಂಕಗಳು 5040 ರೀತಿಯಲ್ಲಿ ಕಲೆತು ಬಂದಿರಬಹುದು. ಹೌದು ಅಥವಾ ಇಲ್ಲ ಎಂಬ ಉತ್ತರದ ಹನ್ನೆರಡು ಪ್ರಶ್ನೆಗಳಿಂದ 4096 ಸಂದರ್ಭಗಳನ್ನಷ್ಟೇ ಬೇರೆ ಮಾಡಬಹುದು, ಆದ್ದರಿಂದ ಅತಿ ಕೆಟ್ಟ ಸಂದರ್ಭದಲ್ಲಿ ಹದಿಮೂರಾದರೂ ಬೇಕು. ಕೌಂಟಿಂಗ್ ಸಾರ್ಟ್ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಅದಕ್ಕೆ 67 ಎಂಬುದು ಮನೆಯ ವಿಳಾಸ. ಅರೇಯ ಆರಂಭದಿಂದ 67 ಮನೆ ಆಚೆ ಎಂದು ಗುಣಿಸಿ ಕೂಡಿ ಪ್ರೊಸೆಸರ್ ನೇರವಾಗಿ ಅಲ್ಲಿಗೆ ಹೋಗುತ್ತದೆ. ಒಂದೇ ನೋಟದಲ್ಲಿ 101 ಸಾಧ್ಯತೆಗಳಲ್ಲಿ ಒಂದು ಖಚಿತವಾಯಿತು. ಪಾಠ ಸರಿ, ಅದರ ಷರತ್ತನ್ನು ಬಿಟ್ಟು ನೆನಪಿಟ್ಟುಕೊಂಡಿದ್ದೀರಿ.

ನಿವೃತ್ತ ಮುಖ್ಯೋಪಾಧ್ಯಾಯರು, ಶಿರಸಿ: ನೋಡಮ್ಮಾ, ಇದಕ್ಕೆ ಕಂಪ್ಯೂಟರ್ ಏಕೆ ಬೇಕು? ಉತ್ತರ ಪತ್ರಿಕೆಗಳನ್ನು ನಾವು ಮೇಜಿನ ಮೇಲೆ ಹತ್ತು ಹತ್ತರ ಗುಂಪು ಮಾಡಿಡುತ್ತಿದ್ದೆವು, ಅರವತ್ತರವು ಒಂದು ಕಡೆ, ಎಪ್ಪತ್ತರವು ಒಂದು ಕಡೆ. ಆಮೇಲೆ ಒಂದೊಂದು ಗುಂಪನ್ನು ಬಿಡಿಸಿ ಜೋಡಿಸಿದರೆ ಮುಗಿಯಿತು. ನೀವು ಹೇಳುತ್ತಿರುವುದೂ ಅದೇ ತಾನೇ?

ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು: ಹತ್ತಿರದ ಸಂಬಂಧಿ ಸರ್, ಆದರೆ ಅದೇ ಅಲ್ಲ. ನಿಮ್ಮ ಗುಂಪುಗಳ ಒಳಗೆ ಮತ್ತೆ ಹೋಲಿಸಬೇಕಾಗುತ್ತಿತ್ತು. ಕ್ರಮವನ್ನು ತಿರುಗಿಸಿದ್ದರೆ ಅದೂ ತಪ್ಪುತ್ತಿತ್ತು. ಮೊದಲು ಬಿಡಿ ಸ್ಥಾನ ನೋಡಿ ಹತ್ತು ಗುಂಪು, ಅವನ್ನು ಕ್ರಮವಾಗಿ ಒಂದರ ಮೇಲೊಂದು ಪೇರಿಸಿ, ಆಮೇಲೆ ಹತ್ತರ ಸ್ಥಾನ ನೋಡಿ ಮತ್ತೆ ಗುಂಪು. 100 ಪಡೆದವರಿಗೆ ಎರಡನೆಯ ಸುತ್ತಿನಲ್ಲಿ ಹನ್ನೊಂದನೆಯ ಗುಂಪೊಂದನ್ನು ಇಟ್ಟರಾಯಿತು. ಎರಡನೆಯ ಸುತ್ತಿನಲ್ಲಿ ಪತ್ರಿಕೆಗಳು ಬಂದ ಕ್ರಮ ಕೆಡಬಾರದು, ಕೆಟ್ಟರೆ 62ರ ಕೆಳಗೆ ಇರಬೇಕಾದ 61 ಮೇಲೆ ಬಂದು ಕೂರುತ್ತದೆ. ಸಮಾನರ ಒಳಕ್ರಮ ಉಳಿಯಬೇಕು ಎಂದು ನಾನು ಇಷ್ಟು ಹೊತ್ತು ಹಟ ಹಿಡಿದದ್ದು ಇದಕ್ಕೇ. ಇದು ರಾಡಿಕ್ಸ್ ಸಾರ್ಟ್. 1954ರಲ್ಲಿ ಎಂಐಟಿಯಲ್ಲಿ ಹೆರಾಲ್ಡ್ ಸೀವರ್ಡ್ ಕೌಂಟಿಂಗ್, ರಾಡಿಕ್ಸ್ ಎರಡನ್ನೂ ಒಟ್ಟಿಗೇ ಕಂಪ್ಯೂಟರಿಗೆ ತಂದರು.

ಬಿಸಿಎ ವಿದ್ಯಾರ್ಥಿನಿ, ದಾವಣಗೆರೆ: ಧನ್ಯವಾದಗಳು, ಕೂಡಿಕೆ ಈಗ ಅರ್ಥವಾಯಿತು. ಆದರೆ ನಿಮ್ಮ ಕೋಡಿಗೆ ನಮ್ಮ ತರಗತಿಯ ಪಟ್ಟಿ ಕೊಟ್ಟರೆ, ಪರೀಕ್ಷೆಗೆ ಬಾರದ ಇಬ್ಬರು 100 ಪಡೆದವರ ಜೊತೆ ಕೊನೆಯಲ್ಲಿ ನಿಂತಿದ್ದಾರೆ! ಗೈರುಹಾಜರಿಗೆ ಅಂಕದ ಜಾಗದಲ್ಲಿ -1 ಹಾಕಿದ್ದೆವು. ದೋಷದ ಸಂದೇಶವೂ ಬರಲಿಲ್ಲ.

ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು: ಬಾರದಿರುವುದೇ ಅಪಾಯ. ಪೈಥಾನ್‌ನಲ್ಲಿ `count[-1]` ಎಂದರೆ ಕೊನೆಯ ಮನೆ, ಅಂದರೆ 100ರ ಮನೆ. ಅವರಿಬ್ಬರನ್ನೂ ಅದು ನೂರಕ್ಕೆ ನೂರು ಪಡೆದವರೆಂದು ಎಣಿಸಿತು. ಸಿ ಭಾಷೆಯಲ್ಲಾದರೆ ಅರೇಗಿಂತ ಹಿಂದಿನ ಮೆಮೊರಿಯನ್ನು ತಿದ್ದಿಬಿಡುತ್ತದೆ, ತೊಂದರೆ ಇನ್ನೆಲ್ಲೋ ಕಾಣಿಸಿಕೊಳ್ಳುತ್ತದೆ. ಜಾವಾ ಮಾತ್ರ ಅಲ್ಲಿಯೇ ನಿಂತು ದೂರುತ್ತದೆ. ಗೈರುಹಾಜರಾದವರನ್ನು ಮೊದಲೇ ಬೇರೆ ಪಟ್ಟಿಗೆ ತೆಗೆಯಿರಿ, ಆಮೇಲೆ ಎಣಿಸುವ ಮುನ್ನ ಪ್ರತಿ ಅಂಕವೂ 0 ಮತ್ತು 100ರ ನಡುವೆ ಇದೆಯೇ ಎಂದು ನೋಡಿ. ಅದೇ ರೀತಿ `[0] * 100` ಮತ್ತು `range(1, 100)` ಎಂದು ಬರೆಯುವವರೂ ಇದ್ದಾರೆ. ಯಾರಿಗೂ ನೂರು ಬಾರದ ತರಗತಿಯಲ್ಲಿ ಅದು ಚೆನ್ನಾಗಿಯೇ ಓಡುತ್ತದೆ, ಹಾಗಾಗಿ ಪರೀಕ್ಷಿಸುವಾಗ 0 ಮತ್ತು 100 ಎರಡೂ ಇರುವ ಪಟ್ಟಿಯನ್ನೇ ಕೊಡಿ.

ಪ್ರೌಢಶಾಲಾ ಶಿಕ್ಷಕಿ, ಮಂಡ್ಯ: ನಮ್ಮಲ್ಲಿ ಅರ್ಧ ಅಂಕವೂ ಕೊಡುತ್ತೇವೆ, 67.5 ಎಂಬ ಹಾಗೆ. ಪಟ್ಟಿಯೂ ಹೆಚ್ಚು ಅಂಕದಿಂದ ಶುರುವಾಗಬೇಕು. ಫಲಿತಾಂಶವನ್ನು ತಲೆಕೆಳಗು ಮಾಡಿದರೆ ಸಾಕೇ?

ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು: ಅರ್ಧ ಅಂಕಕ್ಕೆ ಎಲ್ಲವನ್ನೂ ಎರಡರಿಂದ ಗುಣಿಸಿ, 0ಯಿಂದ 200ರವರೆಗೆ 201 ಮನೆಗಳು. ಅದನ್ನು ಪೂರ್ಣಾಂಕವಾಗಿಸಿಯೇ ಬಳಸಿ, ದಶಮಾಂಶ ಮನೆಯ ಸಂಖ್ಯೆಯಾಗಲಾರದು. ಆದರೆ ತಲೆಕೆಳಗು ಮಾಡಬೇಡಿ, ಮಾಡಿದರೆ 1, 4, 7ರವರು ಮತ್ತೆ 7, 4, 1 ಆಗುತ್ತಾರೆ. ಅದರ ಬದಲು ಕೂಡಿಕೆಯನ್ನು ಮೇಲಿನಿಂದ ಕೆಳಗೆ ಮಾಡಿ, ಪ್ರತಿ ಮನೆಗೆ ಅದರ ಮೇಲಿನ ಮನೆಯದನ್ನು ಸೇರಿಸುತ್ತಾ ಬನ್ನಿ. ಉಳಿದದ್ದೆಲ್ಲ ಇದ್ದಂತೆಯೇ ಇರಲಿ.

ನಿವೃತ್ತ ಮುಖ್ಯೋಪಾಧ್ಯಾಯರು, ಶಿರಸಿ: ಒಂದೇ ಅಂಕ ಪಡೆದವರಲ್ಲಿ ಯಾರು ಮೇಲೆ ಎಂದು ಕಂಪ್ಯೂಟರ್ ಹೇಳುತ್ತದೆಯೋ?

ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು: ಇಲ್ಲ ಸರ್, ನಾವು ಕೊಟ್ಟ ಕ್ರಮವನ್ನು ಕಾಪಾಡುತ್ತದೆ ಅಷ್ಟೇ. ವಯಸ್ಸಿನ ಮೇಲೆ ಬೇಕೆಂದರೆ ಮೊದಲು ಹುಟ್ಟಿದ ದಿನಾಂಕದಿಂದ ಜೋಡಿಸಿ, ಆಮೇಲೆ ಇದನ್ನು ಓಡಿಸಬೇಕು. ರ‍್ಯಾಂಕ್ ಮಾತ್ರ ಬೇಕಿದ್ದರೆ ತನಗಿಂತ ಹೆಚ್ಚು ಅಂಕ ಪಡೆದವರ ಸಂಖ್ಯೆಗೆ ಒಂದು ಸೇರಿಸಿದರಾಯಿತು, ಅದು ಕೂಡಿಕೆಯಲ್ಲೇ ಇದೆ. ಮೇಲಿನ ಏಳು ಜನರಲ್ಲಿ 67ರವರು ಮೂವರೂ ಎರಡನೆಯ ರ‍್ಯಾಂಕ್, 45ರವರು ಐದನೆಯದು.

ನಿವೃತ್ತ ಮುಖ್ಯೋಪಾಧ್ಯಾಯರು, ಶಿರಸಿ: ಐದನೆಯದು ಹೇಗೆ? ನಾವು ಅವರಿಗೆ ಮೂರನೆಯದು ಎಂದೇ ಬರೆಯುತ್ತಿದ್ದೆವು.

ಎಂಸಿಎ ವಿದ್ಯಾರ್ಥಿ, ಕಲಬುರಗಿ: ಖಾಲಿಯಲ್ಲದ ಮನೆಗಳನ್ನು ಮಾತ್ರ ಎಣಿಸಿದರೆ ನಿಮ್ಮ ಮೂರನೆಯದೂ ಬರುತ್ತದೆ ಸರ್. ಯಾವುದು ಸರಿ ಎಂಬುದನ್ನು ಶಾಲೆಯೇ ಹೇಳಬೇಕು. ಇನ್ನು ವೇಗದ ವಿಚಾರ: ಎಂಟು ಲಕ್ಷ ದಾಖಲೆಗೆ ಈ ಕೋಡು ಪೈಥಾನಿನ `sorted`ಗಿಂತ ಬೇಗ ಮುಗಿಸುತ್ತದೆ ಎಂದು ನಾನು ಈಗಲೂ ಹೇಳುತ್ತೇನೆ.

ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು: `sorted` ಒಳಗೆ ಸಿ ಭಾಷೆಯಲ್ಲಿ ಬರೆದದ್ದು, ಸಮಾನರ ಕ್ರಮವನ್ನೂ ಉಳಿಸುತ್ತದೆ. ನಮ್ಮದು ಪೈಥಾನಿನ ಲೂಪ್. ನಿಮ್ಮ ಯಂತ್ರದಲ್ಲಿ ಎರಡನ್ನೂ ಓಡಿಸಿ ಸಮಯವನ್ನು ಇಲ್ಲಿ ಹಾಕಿ, ಆಮೇಲೆ ಮಾತನಾಡೋಣ.